ಇನ್‌ವಾಯ್ಸ್ ಒಂದು ಲೆಕ್ಕ, ಪ್ಯಾಕಿಂಗ್ ಲಿಸ್ಟ್ ಇನ್ನೊಂದು ಲೆಕ್ಕ

ಪ್ರಶ್ನೆ: ನಾವು ಸ್ಟೀಲ್ ಬಾಟಲಿ ರಫ್ತು ಮಾಡಿದ್ದೇವೆ. ಇನ್‌ವಾಯ್ಸ್‌ನಲ್ಲಿ 2,400 ಇದೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ 2,304. ಸರಕು ಖರೀದಿದಾರರ ಬಂದರಿನಲ್ಲೇ ನಿಂತಿದೆ. ಸುಂಕ ಕಟ್ಟುವುದು ಇನ್‌ವಾಯ್ಸ್ ಪ್ರಕಾರ ತಾನೆ? ಕಡಿಮೆ ಕಳಿಸಿದರೆ ಕಸ್ಟಮ್ಸ್‌ಗೆ ಏನು ನಷ್ಟ?

ಉತ್ತರ: ನಿಮ್ಮ ಅಂಕಿಗಳೇ ಕಥೆ ಹೇಳುತ್ತಿವೆ. ಪೆಟ್ಟಿಗೆಗೆ 24 ಬಾಟಲಿಯಂತೆ 100 ಪೆಟ್ಟಿಗೆಯ ಆರ್ಡರ್ ಇದ್ದಿರಬೇಕು. ಕೊನೆ ಗಳಿಗೆಯಲ್ಲಿ 4 ಪೆಟ್ಟಿಗೆ ಹಿಂದೆ ಉಳಿದಿವೆ. ಗೋದಾಮಿನವರು ಪ್ಯಾಕಿಂಗ್ ಲಿಸ್ಟ್ ತಿದ್ದಿದರು. ಇನ್‌ವಾಯ್ಸ್ ಅಷ್ಟರಲ್ಲಿ ಲೆಕ್ಕಪತ್ರ ವಿಭಾಗದಿಂದ ಹೊರಟಾಗಿತ್ತು. ನಾನು ಕಂಡ ಹೊಂದಾಣಿಕೆ ತಪ್ಪುಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವೇ.

ಕಸ್ಟಮ್ಸ್ ಅಧಿಕಾರಿಗೆ ಈ ಕಥೆ ಗೊತ್ತಿಲ್ಲ. ಅವರು ಇನ್‌ವಾಯ್ಸ್‌ನಿಂದ ಬೆಲೆ ತಿಳಿಯುತ್ತಾರೆ, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಪ್ಯಾಕಿಂಗ್ ಲಿಸ್ಟ್‌ನಿಂದ. ಕಡಿಮೆ ಬಂದಿದೆ ಎಂದು ನೀವು ಹೇಳುತ್ತೀರಿ. ಅವರಿಗೆ ಕಾಣುವುದು ಒಂದೇ ಸರಕಿಗೆ ಎರಡು ಲೆಕ್ಕ. ಉಳಿದ 96 ಬಾಟಲಿ ಒಳಗೇ ಇವೆಯೋ, ಅವುಗಳ ಜಾಗದಲ್ಲಿ ಬೇರೇನಾದರೂ ಇದೆಯೋ, ಬಾರದ ಸರಕಿನ ಹೆಸರಿನಲ್ಲಿ ಹಣ ದೇಶದಿಂದ ಹೊರಹೋಗುತ್ತಿದೆಯೋ? ಕಾಗದದಿಂದ ತೀರ್ಮಾನವಾಗದಿದ್ದರೆ ಪೆಟ್ಟಿಗೆ ಬಿಚ್ಚಿ ಎಣಿಸುವುದೇ ದಾರಿ. ಅಷ್ಟು ದಿನ ಬಂದರಿನ ಬಾಡಿಗೆ ಏರುತ್ತಲೇ ಇರುತ್ತದೆ.

ಈಗ ಮಾಡಬೇಕಾದ್ದು: 2,304ಕ್ಕೆ ತಿದ್ದಿದ ಇನ್‌ವಾಯ್ಸ್ ಹೊರಡಿಸಿ, ಅದು ಹಳೆಯದರ ಬದಲಿಗೆ ಎಂದು ಅದರಲ್ಲೇ ಬರೆಯಿರಿ. 4 ಪೆಟ್ಟಿಗೆ ಏಕೆ ಉಳಿಯಿತು ಎಂಬ ಪತ್ರವನ್ನು ಲೆಟರ್‌ಹೆಡ್‌ನಲ್ಲಿ ಜೊತೆಗಿಡಿ. ಖರೀದಿದಾರರ ಏಜೆಂಟ್ ಕಸ್ಟಮ್ಸ್ ಘೋಷಣೆಯ ತಿದ್ದುಪಡಿಗೆ ಅರ್ಜಿ ಹಾಕಲಿ; ತಪಾಸಣೆಗೆ ಮೊದಲೇ ಹಾಕಿದರೆ ನಂಬಿಕೆ ಹೆಚ್ಚು. ಹಳೇ ಪ್ರತಿಯ ಮೇಲೆ ಪೆನ್ನಿನಲ್ಲಿ ತಿದ್ದಲು ಮಾತ್ರ ಹೋಗಬೇಡಿ.

ಹಾಗೇ ತೂಕವನ್ನೂ ನೋಡಿಬಿಡಿ. ಪೆಟ್ಟಿಗೆಗೆ ಒಟ್ಟು ತೂಕ 8.5 ಕಿಲೋ ಎಂದಿಟ್ಟುಕೊಳ್ಳೋಣ. 96 ಪೆಟ್ಟಿಗೆಗೆ 816 ಕಿಲೋ, ನೂರಕ್ಕೆ 850. ಇನ್‌ವಾಯ್ಸ್‌ನಲ್ಲಿ 850 ಎಂದೇ ಉಳಿದಿದ್ದರೆ ಎಣಿಕೆ ಸರಿಯಾದರೂ ತೂಕ ಸಿಕ್ಕಿಬೀಳುತ್ತದೆ. ಇನ್ನು ಪೆಟ್ಟಿಗೆಗಳನ್ನು ತಲಾ 20 ಕಿಲೋದ 4 ಪ್ಯಾಲೆಟ್ ಮೇಲೆ ಕಟ್ಟಿದ್ದರೆ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲಿ 896 ಕಿಲೋ, 4 ಪ್ಯಾಕೇಜ್ ಎಂದು ಬಂದಿರಬಹುದು. ಇದು ತಪ್ಪಲ್ಲ, ಆದರೆ ನೋಡುವವರಿಗೆ ತಪ್ಪಿನಂತೆಯೇ ಕಾಣುತ್ತದೆ. ಪ್ಯಾಕಿಂಗ್ ಲಿಸ್ಟ್‌ನಲ್ಲೇ '4 ಪ್ಯಾಲೆಟ್, ಅವುಗಳ ಮೇಲೆ 96 ಪೆಟ್ಟಿಗೆ. ಪ್ಯಾಲೆಟ್ ಸೇರಿ 896 ಕಿಲೋ' ಎಂದು ಬರೆದರೆ ಗೊಂದಲ ಅಲ್ಲೇ ಮುಗಿಯುತ್ತದೆ.

ಹಣ ಬ್ಯಾಂಕ್ ಖಾತರಿ ಕೊಡುವ ಲೆಟರ್ ಆಫ್ ಕ್ರೆಡಿಟ್ ಮೂಲಕ ಬರಬೇಕಿದ್ದರೆ ಬ್ಯಾಂಕಿನ ಕಾಟ ಬೇರೆ. ಇಂಥ ಪಾವತಿಗೆ ಬ್ಯಾಂಕುಗಳು ಪಾಲಿಸುವ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ 14ನೇ ವಿಧಿಯಂತೆ ದಾಖಲೆಗಳ ವಿವರ ಒಂದಕ್ಕೊಂದು ವಿರುದ್ಧವಾಗಿರಬಾರದು. ಇದ್ದರೆ ಬ್ಯಾಂಕ್ ಪಾವತಿ ನಿರಾಕರಿಸಬಹುದು.

ಮುಂದಿನ ಸಲದಿಂದ ಕೊನೆಯ ಪೆಟ್ಟಿಗೆಗೆ ಟೇಪ್ ಬೀಳುವ ತನಕ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲೇ ಕೆಲಸ ನಡೆಸಿ. ಅಂತಿಮ ಇನ್‌ವಾಯ್ಸನ್ನು ಗೋದಾಮಿನ ಎಣಿಕೆ ಚೀಟಿ ಕೈಗೆ ಬಂದ ಮೇಲೆ ತೆಗೆಯಿರಿ.