ಅದೇ ‘ಡೆಬಿಟ್’ ಮೆಸೇಜ್, ಎರಡು ಅರ್ಥ

ಪ್ರಶ್ನೆ: ನಮ್ಮಪ್ಪನ ಮೊಬೈಲಿಗೆ ಬ್ಯಾಂಕಿನಿಂದ ಮೆಸೇಜ್ ಬರ್ತಾವ್ರೀ, ಯಾವುದು ಬಂದ್ರ ಏನು ನೋಡಬೇಕು?

ಹಣ ಕಡಿತವಾದ ಸಂದೇಶದಲ್ಲಿ ಮೊತ್ತಕ್ಕಿಂತ ಮೊದಲು ಹಣ ಯಾವ ದಾರಿಯಲ್ಲಿ ಹೋಯಿತೆಂಬುದನ್ನು ಓದಿರಿ. ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಹಿರಿಯರು ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುವುದರಿಂದ, AEPS ಎಂಬ ಅಕ್ಷರಗಳನ್ನು ವಿಶೇಷವಾಗಿ ಗಮನಿಸಬೇಕು. ಆಧಾರ್ ಮೂಲಕ ನಡೆಯುವ ಈ ವ್ಯವಹಾರಕ್ಕೆ ಸಾಮಾನ್ಯವಾಗಿ ಓಟಿಪಿ ಬರುವುದಿಲ್ಲ.

ಚಿತ್ತಾಪುರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವ ಒಮ್ಮೆ ₹3,000 ಪಡೆಯಲು ಹೆಬ್ಬೆಟ್ಟು ಒತ್ತಿದಾಗ, ‘ಫೇಲ್ ಆಗಿದೆ, ಇನ್ನೊಮ್ಮೆ ಒತ್ತಿರಿ’ ಎಂದು ಏಜೆಂಟರು ಹೇಳಿದರು. ಹಣ ಕೈಗೆ ಬಂದದ್ದು ಒಮ್ಮೆ, ಕಡಿತದ ಸಂದೇಶ ಬಂದದ್ದು ಎರಡು ಸಲ. ಒಂದೇ ಸಂದೇಶ ಮರಳಿ ಬಂದಿರಬಹುದೆಂದು ಅವರು ಸುಮ್ಮನಿದ್ದರು. ಆದರೆ ಎರಡರ ರೆಫರೆನ್ಸ್ ಸಂಖ್ಯೆಗಳೂ ಬೇರೆಯಾಗಿದ್ದವು, ಅಂದರೆ ಕಡಿತವೂ ಎರಡು ಸಲ ಆಗಿತ್ತು. ನಿಜವಾಗಿ ವಿಫಲವಾದ ವ್ಯವಹಾರವಾದರೆ ಹಣ ಐದು ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಅದು ಯಶಸ್ವಿ ಎಂದಿದ್ದರೆ ಹಣ ತಾನಾಗಿ ಮರಳುವುದಿಲ್ಲ; ಆಗ ಶಾಖೆಯಲ್ಲಿ ಲಿಖಿತ ದೂರು ಕೊಡಬೇಕಾಗುತ್ತದೆ. ಆದ್ದರಿಂದಲೇ ‘ಫೇಲ್’ ಎಂದಾಗಲೂ ಚೀಟಿ ಕೇಳಿ ಪಡೆಯಿರಿ.

ಅಂದು ಹೆಬ್ಬೆಟ್ಟನ್ನೇ ಒತ್ತಿರದಿದ್ದರೆ ಅದೇ ಸಂದೇಶದ ಅರ್ಥ ಬೇರೆ: ಯಾರೋ ವಂಚಿಸಿ ಹಣ ತೆಗೆದಿರಬಹುದು. ಆಗ ಕಾಯದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದೆ. ಸಂದೇಶ ಬಂದ ದಿನ ಆ ಲೆಕ್ಕಕ್ಕೆ ಸೇರುವುದಿಲ್ಲ: ಸೋಮವಾರ ಬಂದರೆ, ನಡುವೆ ರಜೆ ಇಲ್ಲದಿದ್ದರೆ, ಗುರುವಾರದವರೆಗೆ ಅವಕಾಶವಿದೆ. ಅನಂತರ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿರಿ. ಅದಕ್ಕೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿರಬೇಕು, ಮತ್ತು ಅಪ್ಪ ಮುಂದೆ ಹೆಬ್ಬೆಟ್ಟು ಒತ್ತುವ ಮೊದಲು ಲಾಕ್ ತೆರೆಯಬೇಕು.

ಹಣ ಜಮೆಯಾಯಿತೆಂಬ ಸಂದೇಶ ಬಂದರೆ ಪಾಸ್‌ಬುಕ್ಕಿನಲ್ಲಿ ಅಥವಾ ಆ್ಯಪ್‌ನಲ್ಲಿ ಬಾಕಿ ನೋಡುವವರೆಗೆ ಅದನ್ನು ನಂಬಬೇಡಿರಿ. ತೊಗರಿ ಮಾರಿದ ದಿನಗಳಲ್ಲಿ ‘ತಪ್ಪಿ ಹೆಚ್ಚು ಹಾಕಿದ್ದೇನೆ, ವಾಪಸ್ ಕಳಿಸಿ’ ಎಂಬ ಕರೆ ಬಂದರಂತೂ ಬಾಕಿ ನೋಡದೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಇಮೇಲ್ ಇದ್ದರೆ ಅದನ್ನೂ ತೆರೆಯಿರಿ, ಏಕೆಂದರೆ ಸಣ್ಣ ಮೊತ್ತಕ್ಕೆ ಕೆಲವು ಬ್ಯಾಂಕುಗಳು ಎಸ್‌ಎಂಎಸ್ ಕಳಿಸುವುದಿಲ್ಲ. ನೀವು ಕೇಳದೆಯೇ ಮೊಬೈಲ್ ಸಂಖ್ಯೆ ಬದಲಾಯಿತೆಂದೋ ಹಣ ಕಳಿಸಲು ಹೊಸ ಫಲಾನುಭವಿ ಸೇರಿದ್ದಾರೆಂದೋ ಅದರಲ್ಲಿದ್ದರೆ, ಅದನ್ನು ನಾನು ಕಡಿತದ ಸಂದೇಶಕ್ಕಿಂತಲೂ ತುರ್ತಿನದೆಂದು ಎಣಿಸುತ್ತೇನೆ: ಹಣ ಇನ್ನೂ ಖಾತೆಯಲ್ಲೇ ಇರಬಹುದು. ಸಂದೇಶದಲ್ಲಿರುವ ಲಿಂಕ್ ಒತ್ತದೆ, ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ಕೂಡಲೇ ಕರೆ ಮಾಡಿರಿ.