ಏಜೆನ್ಸಿ ನೌಕರರನ್ನು ಹೊರಗಿನವರಂತೆ ನೋಡಿದಾಗ

“ಕಲಬುರಗಿಯಲ್ಲಿ ಏಜೆನ್ಸಿ ಕಡೆಯಿಂದ ಕ್ಲೈಂಟ್ ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡ್ತೀನಿ. ಮೀಟಿಂಗ್‌ಗೆ ಕರೆಯಲ್ಲ, ಅವರ ಫಿಲ್ಟರ್ ನೀರೂ ಮುಟ್ಟಬಾರದಂತೆ. ಏನ್ ಮಾಡ್ಲಿ?”

ಮೀಟಿಂಗ್‌ಗೆ ಕರೆಯದಿರಲು ಕಾರಣ ಬಹುಶಃ ಕಾನೂನಿನ ಭಯ. ದಿನದ ಕೆಲಸ, ರಜೆ ಎಲ್ಲ ಕ್ಲೈಂಟೇ ನೋಡಿಕೊಂಡರೆ, ನಾಳೆ ನೀವು ‘ನಾನು ಇವರದೇ ನೌಕರ’ ಎಂದು ಕೇಸು ಹಾಕಬಹುದು ಅಂತ ಅವರಿಗೆ ಅಳುಕು. ನೀರಿನ ವಿಷಯ ಹಾಗಲ್ಲ. ಅದು ಬರೀ ತಾರತಮ್ಯ.

ಮೊದಲು ಒಂದು ವಾರ ಬರೆದಿಡಿ: ಯಾವ ದಿನ, ಯಾವ ಮಾಹಿತಿ ಸಿಗಲಿಲ್ಲ, ಎಷ್ಟು ಕೆಲಸ ಕೆಟ್ಟಿತು. ನಾನಿದ್ದ ಕಡೆ ಫಾರ್ಮಿನ ಕಾಲಂ ಬದಲಾದದ್ದು ಮೀಟಿಂಗ್‌ನಲ್ಲಿದ್ದವರಿಗೆ ಮಾತ್ರ ಗೊತ್ತಿತ್ತು. ನಾವು ಮೂವರು ಎರಡು ದಿನದ ಎಂಟ್ರಿ ಮತ್ತೆ ಮಾಡಿದೆವು, ತಪ್ಪೂ ನಮ್ಮ ತಲೆಗೇ ಬಂತು.

ಆಮೇಲೆ ಅದನ್ನು ನಿಮ್ಮ ಏಜೆನ್ಸಿ ಸೂಪರ್‌ವೈಸರ್‌ಗೆ ಮೇಲ್ ಮಾಡಿ. ಕ್ಲೈಂಟ್ ಸಾಹೇಬರಿಗೆ ನೇರವಾಗಿ ಬೇಡ, ನಿಮ್ಮನ್ನು ಬದಲಿಸಿ ಅಂತ ಅವರು ಏಜೆನ್ಸಿಗೆ ಒಂದೇ ಮಾತಲ್ಲಿ ಹೇಳಿಬಿಡಬಹುದು. ‘ಮೀಟಿಂಗ್‌ಗೆ ಸೇರಿಸಿ’ ಎನ್ನಬೇಡಿ. ‘ಬದಲಾವಣೆ ಆದ ದಿನವೇ ಲಿಖಿತವಾಗಿ ತಿಳಿಸುವ ಒಬ್ಬರನ್ನು ಗೊತ್ತುಮಾಡಿ’ ಎನ್ನಿ. ನಮಗೆ ಇದು ಸಿಕ್ಕಿತು.

ನೀರಿಗೆ ಬೇರೆ ಮೇಲ್ ಹಾಕಿ. ಗುತ್ತಿಗೆ ನೌಕರರಿಗೂ ಕುಡಿಯುವ ನೀರು, ಶೌಚಾಲಯ ಇರಲೇಬೇಕು. ಉತ್ತರ ಬರದಿದ್ದರೆ ಆ ಮೇಲ್ ಪ್ರತಿ, ನೇಮಕ ಪತ್ರ ಹಿಡಿದು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.