ಕೂದಲಂಚಿನ ಹಸಿರು ಕಳೆಯುವ ಬಗೆ

“ಗ್ರೀನ್ ಸ್ಕ್ರೀನ್ ತೆಗೆದ ಮೇಲೂ ಕೂದಲ ಸುತ್ತ ಹಸಿರು ಉಳಿಯುತ್ತೆ. ಕೀ ಬಿಗಿ ಮಾಡಿದ್ರೆ ಕೂದಲೇ ಕತ್ತರಿಸಿ ಹೋಗುತ್ತೆ. ಏನು ಮಾಡ್ಲಿ?”

ಕೀ ಬಿಗಿ ಮಾಡಬೇಡಿ. ಪರದೆ ತೆಗೆಯುವುದು, ಅಂದರೆ ಕೀ ಮಾಡುವುದು, ಒಂದು ಕೆಲಸ; ಹಸಿರು ಛಾಯೆ ಕಳೆಯುವುದು ಇನ್ನೊಂದು. ಎರಡನ್ನೂ ಒಂದೇ ಸ್ಲೈಡರಿನಿಂದ ಮಾಡಹೊರಟರೆ ಹೀಗೇ ಆಗುತ್ತದೆ.

ಮೊದಲು ಮ್ಯಾಟ್, ಅಂದರೆ ಉಳಿಯುವ ಭಾಗ ಬಿಳಿ, ಹೋಗುವ ಭಾಗ ಕಪ್ಪು ಎಂದು ತೋರಿಸುವ ಚಿತ್ರ, ಅದನ್ನು ಮಾತ್ರ ನೋಡಿ. ಕೂದಲ ಎಳೆಗಳು ಅಲ್ಲಿ ಬೂದು ಬಣ್ಣದಲ್ಲೇ ಇರಬೇಕು. ಅಚ್ಚ ಬಿಳಿಯಾದರೆ ಹಿಂದಿನ ಹಸಿರೂ ಜೊತೆಗೇ ಬರುತ್ತದೆ. ಹಾಗೆ ಮೃದುವಾಗಿ ಬಿಟ್ಟಾಗ ಮೈ ಒಳಗೆ ತೂತು ಬೀಳಬಹುದು. ಅದಕ್ಕೆ ಇನ್ನೊಂದು ಗಟ್ಟಿ ಕೀ ಮಾಡಿ, ಅಂಚನ್ನು ಕೆಲವು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಮೊದಲನೆಯದರ ಜೊತೆ ಸೇರಿಸಿ.

ಆಮೇಲೆ ಡೀಸ್ಪಿಲ್, ಅಂದರೆ ಉಳಿದ ಹಸಿರು ಛಾಯೆ ಕಳೆಯುವುದು. ಅದರ ಒಳಗಿನ ಲೆಕ್ಕ ಸರಳ:

```
g = min(g, (r + b) / 2)
```

ಕೂದಲಂಚಿನ ಒಂದು ಪಿಕ್ಸೆಲ್‌ನಲ್ಲಿ ಕೆಂಪು 90, ಹಸಿರು 140, ನೀಲಿ 70 ಇದೆ ಎನ್ನಿ. ಹಸಿರು 80ಕ್ಕೆ ಇಳಿದು ಕೂದಲು ಕಂದಾಗುತ್ತದೆ. ಆದರೆ ಹಳದಿ ಬಟ್ಟೆ ಇದ್ದರೆ ಇದೇ ಲೆಕ್ಕ ಅದನ್ನು ಕಿತ್ತಳೆ ಮಾಡಿಬಿಡುತ್ತದೆ. ಅಲ್ಲಿ ಸರಾಸರಿಯ ಬದಲು `max(r, b)` ಹಾಕಿ.

ಬಹಳ ಜನ ಬಿಡುವ ಹಂತ ಮುಂದಿನದು. 60ರಷ್ಟು ಹಸಿರು ತೆಗೆದಿರಿ, ಅಷ್ಟು ಬೆಳಕೂ ಹೋಯಿತು. ಹೊಸ ಹಿನ್ನೆಲೆ ಬೆಳ್ಳಗಿದ್ದರೆ ಕೂದಲ ಸುತ್ತ ಕಪ್ಪು ಗೆರೆ ಕಾಣುವುದು ಇದರಿಂದಲೇ. ಹೊಸ ಹಿನ್ನೆಲೆಯನ್ನು ಚೆನ್ನಾಗಿ ಬ್ಲರ್ ಮಾಡಿ, ಹಸಿರು ಎಲ್ಲೆಲ್ಲಿ ಎಷ್ಟು ಹೋಯಿತೋ ಅಲ್ಲಲ್ಲಿ ಅದೇ ಪ್ರಮಾಣದಲ್ಲಿ ಆ ಬಣ್ಣವನ್ನು ಸೇರಿಸಿ. ಕೂದಲು ಆ ಜಾಗದ ಬೆಳಕಿನಲ್ಲೇ ನಿಂತಂತೆ ಕಾಣುತ್ತದೆ.